ಮುಂದಿನ ಆದಾಯಕ್ಕೆ ಇಂದಿನ ಬೆಲೆ ಕಟ್ಟುವ ಕ್ರಮ: ಒಂದು ಎಕರೆ ತೆಂಗಿನ ತೋಟದ ಲೆಕ್ಕ

ರಾಗಿ ಹೊಲವನ್ನು ತೆಂಗಿನ ತೋಟವಾಗಿ ಮಾರ್ಪಡಿಸಬೇಕೆಂಬ ಆಲೋಚನೆಯು ಜಮೀನುದಾರರಲ್ಲಿ ಆಗಾಗ್ಗೆ ಹುಟ್ಟುವುದುಂಟು. ಆಗ ಸಾಮಾನ್ಯವಾಗಿ ಹಾಕುವ ಲೆಕ್ಕವು ಇಷ್ಟೇ: ತೋಟ ಎಬ್ಬಿಸಲು ಇಷ್ಟು ಖರ್ಚು, ಫಲ ಬಂದ ಮೇಲೆ ವರ್ಷಕ್ಕೆ ಇಷ್ಟು ಹುಟ್ಟುವಳಿ, ಮೂವತ್ತು ವರ್ಷಕ್ಕೆ ಒಟ್ಟು ಇಷ್ಟು ಲಾಭ. ಈ ಲೆಕ್ಕದಲ್ಲಿ ಕೂಡಿಸುವುದರಲ್ಲಾಗಲಿ ಕಳೆಯುವುದರಲ್ಲಾಗಲಿ ತಪ್ಪಿರುವುದಿಲ್ಲ. ಆದರೂ ಇದನ್ನು ನಂಬಿ ಹಣ ಹೂಡಿದವನು ನಷ್ಟಕ್ಕೆ ಗುರಿಯಾಗಬಹುದು. ಏಕೆಂದರೆ ಇಂದು ಕೈಬಿಟ್ಟು ಹೋಗುವ ರೂಪಾಯಿಯನ್ನೂ ಇಪ್ಪತ್ತು ವರ್ಷದ ಮೇಲೆ ಕೈಗೆ ಬರುವ ರೂಪಾಯಿಯನ್ನೂ ಇದರಲ್ಲಿ ಒಂದೇ ತೂಕದವೆಂದು ಎಣಿಸಿರುತ್ತದೆ. ಈ ದೋಷವನ್ನು ತಿದ್ದುವ ಕ್ರಮಕ್ಕೆ ನಿವ್ವಳ ವರ್ತಮಾನ ಬೆಲೆಯ ಲೆಕ್ಕವೆಂದು ಹೆಸರು. ಇದನ್ನು ಒಂದು ಎಕರೆ ತೆಂಗಿನ ತೋಟಕ್ಕೆ ಅನ್ವಯಿಸಿ ಮುಂದೆ ವಿವರಿಸಿದೆ.

ಬಡ್ಡಿಯನ್ನು ಹಿಂದುಮುಂದಾಗಿ ನೋಡುವುದು

ಬಡ್ಡಿಯ ಲೆಕ್ಕವನ್ನು ಅರಿಯದ ಗ್ರಾಮಸ್ಥರಿಲ್ಲ. ನೂರು ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ 10ರಂತೆ ಚಕ್ರಬಡ್ಡಿಗೆ ಕೊಟ್ಟರೆ ವರ್ಷ ಕಳೆದ ಮೇಲೆ 110 ರೂಪಾಯಿಯೂ, ಎರಡು ವರ್ಷ ಕಳೆದ ಮೇಲೆ 121 ರೂಪಾಯಿಯೂ ಆಗುತ್ತದೆ. ಈಗ ಇದೇ ಲೆಕ್ಕವನ್ನು ಹಿಂದಿನಿಂದ ನೋಡತಕ್ಕದ್ದು. ಎರಡು ವರ್ಷದ ಮೇಲೆ ಬರತಕ್ಕ 121 ರೂಪಾಯಿಗೆ ಇಂದು ಏನು ಬೆಲೆ? ನೂರೇ ರೂಪಾಯಿ. ಏಕೆಂದರೆ ಇಂದು ಕೈಯಲ್ಲಿ ನೂರು ರೂಪಾಯಿ ಇದ್ದರೆ ಅದನ್ನು 121 ಮಾಡಿಕೊಳ್ಳುವ ಮಾರ್ಗವಿದೆ. ಹಾಗೆಯೇ ಎರಡು ವರ್ಷದ ಮೇಲೆ ಬರುವ ನೂರು ರೂಪಾಯಿಗೆ ಇಂದಿನ ಬೆಲೆ 82 ರೂಪಾಯಿ 64 ಪೈಸೆ ಮಾತ್ರ. ಮುಂದಿನ ಹಣವನ್ನು ಪ್ರತಿ ವರ್ಷಕ್ಕೂ ಒಂದು ಸಾರಿಯಂತೆ 1.10ರಿಂದ ಭಾಗಿಸುತ್ತ ಬಂದರೆ ಇಂದಿನ ಬೆಲೆಯು ದೊರೆಯುತ್ತದೆ.

ಇದು ಹೊಸ ಮಾತೂ ಅಲ್ಲ. ವಾಯಿದೆಗೆ ಮುಂಚೆ ಹುಂಡಿಯನ್ನು ಕೊಳ್ಳುತ್ತಿದ್ದ ಸಾಹುಕಾರನು ವಟ್ಟ ಮುರಿದುಕೊಂಡು ಉಳಿದ ಹಣವನ್ನು ಕೊಡುತ್ತಿದ್ದುದು ಈ ನ್ಯಾಯದಿಂದಲೇ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಕಾಲ ಇವುಗಳ ಲೆಕ್ಕಗಳು ಹೇರಳವಾಗಿವೆ. ಯೂರೋಪಿನಲ್ಲಿ ಸೈಮನ್ ಸ್ಟೆವಿನ್ ಎಂಬ ಗಣಿತಜ್ಞನು 1582ರಲ್ಲಿ ಬಡ್ಡಿಯ ಕೋಷ್ಟಕಗಳನ್ನು ಅಚ್ಚು ಹಾಕಿಸಿದನು. ಬೆಳೆಯಲು ಹಲವು ದಶಕಗಳು ಹಿಡಿಯುವ ಮರಗಳಿಗೆ ಈ ಕ್ರಮವನ್ನು ಅನ್ವಯಿಸಿ ಬರಿಯ ನೆಲದ ಬೆಲೆಯನ್ನು ಕಟ್ಟುವ ರೀತಿಯನ್ನು ಮಾರ್ಟಿನ್ ಫೌಸ್ಟ್‌ಮನ್ ಎಂಬ ಜರ್ಮನ್ ಅರಣ್ಯಾಧಿಕಾರಿಯು 1849ರಲ್ಲಿ ತೋರಿಸಿಕೊಟ್ಟನು. ತೋಟಗಾರಿಕೆಗೆ ಹತ್ತಿರವಾದದ್ದು ಈ ಕಡೆಯವನ ಲೆಕ್ಕವೇ. ಇಂದು ನೆಟ್ಟು ಬಹುಕಾಲದ ಮೇಲೆ ಫಲ ಪಡೆಯುವವನಿಗೆ ಕಾಲವೇ ದೊಡ್ಡ ಖರ್ಚು ಎಂಬುದು ಅದರ ಸಾರಾಂಶ.

ಕಾಲವು ದೂರವಾದಂತೆ ನೂರು ರೂಪಾಯಿಯ ಬೆಲೆಯು ಹೇಗೆ ಕುಗ್ಗುವುದೆಂಬುದು ಈ ಕೆಳಗಿನ ಪಟ್ಟಿಯಿಂದ ತಿಳಿಯುತ್ತದೆ.

ಮುಂದೆ ಬರುವ 100 ರೂಪಾಯಿಗೆ ಇಂದಿನ ಬೆಲೆ

1 ವರ್ಷದ ಮೇಲೆ ಬಂದರೆ: ನೂರಕ್ಕೆ 6ರ ದರದಲ್ಲಿ ರೂ. 94.34, ನೂರಕ್ಕೆ 10ರ ದರದಲ್ಲಿ ರೂ. 90.91
5 ವರ್ಷದ ಮೇಲೆ ಬಂದರೆ: ರೂ. 74.73, ರೂ. 62.09
10 ವರ್ಷದ ಮೇಲೆ ಬಂದರೆ: ರೂ. 55.84, ರೂ. 38.55
20 ವರ್ಷದ ಮೇಲೆ ಬಂದರೆ: ರೂ. 31.18, ರೂ. 14.86
30 ವರ್ಷದ ಮೇಲೆ ಬಂದರೆ: ರೂ. 17.41; ರೂ. 5.73

ಈ ಪಟ್ಟಿಯಲ್ಲಿ ಗಮನಿಸತಕ್ಕ ಅಂಶವು ಒಂದುಂಟು. ಮೊದಲನೆಯ ವರ್ಷದಲ್ಲಿ ಎರಡು ದರಗಳಿಗೂ ಇರುವ ವ್ಯತ್ಯಾಸವು ಮೂರೂವರೆ ರೂಪಾಯಿಗಿಂತ ಕಡಿಮೆ. ಮೂವತ್ತನೆಯ ವರ್ಷದಲ್ಲಿಯಾದರೋ ಒಂದು ಬೆಲೆಯು ಇನ್ನೊಂದರ ಮೂರರಷ್ಟಾಗಿದೆ. ಆದುದರಿಂದ ವರ್ಷದೊಳಗೆ ಕೊಯ್ಲಿಗೆ ಬರುವ ರಾಗಿ, ಜೋಳಗಳಿಗೆ ಬಡ್ಡಿಯ ದರವು ಅಷ್ಟು ಮುಖ್ಯವಲ್ಲ. ತೆಂಗು, ಅಡಿಕೆ, ಮಾವುಗಳಿಗೆ ಅದೇ ಮುಖ್ಯ.

ತೋಟದ ಅಂಕಿಗಳು

ತಿಪಟೂರು ಸೀಮೆಯಲ್ಲಿ ಒಬ್ಬ ಜಮೀನುದಾರನಿಗೆ ಒಂದು ಎಕರೆ ಕೆಂಪು ಮಣ್ಣಿನ ಹೊಲವೂ ಅದರಲ್ಲಿ ನೀರಿರುವ ಒಂದು ಕೊಳವೆ ಬಾವಿಯೂ ಇವೆಯೆಂದು ಭಾವಿಸತಕ್ಕದ್ದು. ಆ ಹೊಲದಲ್ಲಿ ರಾಗಿಯನ್ನೂ ಅದರ ಜೊತೆಗೆ ಅವರೆ ಸಾಲನ್ನೂ ಬೆಳೆದು, ಸಕಲ ಖರ್ಚೂ ಕಳೆದು, ವರ್ಷಕ್ಕೆ 15,000 ರೂಪಾಯಿ ಅವನಿಗೆ ಉಳಿಯುತ್ತಿದೆ. ಅಲ್ಲಿ ತೆಂಗಿನ ತೋಟವನ್ನು ಎಬ್ಬಿಸಬಹುದೇ ಎಂಬುದು ಪ್ರಶ್ನೆ. ಇಲ್ಲಿನ ಅಂಕಿಗಳು ಕ್ರಮವನ್ನು ತೋರಿಸುವುದಕ್ಕಾಗಿ ಕಲ್ಪಿಸಿದವು. ಪ್ರತಿಯೊಬ್ಬರೂ ತಮ್ಮ ಊರಿನ ಕೂಲಿ, ಧಾರಣೆ, ಇಳುವರಿಗಳನ್ನು ಇವುಗಳ ಸ್ಥಾನದಲ್ಲಿ ಹಾಕಿಕೊಳ್ಳಬೇಕು.

ಸಾಲಿಗೂ ಗಿಡಕ್ಕೂ 25 ಅಡಿ ಅಂತರವಿಟ್ಟರೆ ಎಕರೆಗೆ 70 ಸಸಿಗಳು ಹಿಡಿಸುತ್ತವೆ. ಮೂರು ಅಡಿ ಉದ್ದ, ಅಗಲ, ಆಳದ 70 ಗುಣಿಗಳನ್ನು ತೋಡಿಸಲು 21,000 ರೂಪಾಯಿ. ಕೊಟ್ಟಿಗೆ ಗೊಬ್ಬರ ಮತ್ತು ಮೇಲ್ಮಣ್ಣನ್ನು ತುಂಬಲು 14,000. ಸಸಿಗಳಿಗೆ ತಲಾ 150ರಂತೆ 10,500. ಹನಿ ನೀರಾವರಿಯ ಕೊಳವೆಗಳಿಗೆ 24,500. ದನಕರುಗಳು ನುಗ್ಗದಂತೆ ಬೇಲಿಗೆ 20,000. ಒಟ್ಟು 90,000 ರೂಪಾಯಿ ಆರಂಭದಲ್ಲಿಯೇ ಖರ್ಚಾಗುತ್ತದೆ.

ಮೊದಲ ಆರು ವರ್ಷ ಫಲವಿಲ್ಲ. ಗೊಬ್ಬರ, ಉಳುಮೆ, ಪಾತಿ ಬಿಡಿಸುವುದು, ಸತ್ತ ಸಸಿಗಳ ಜಾಗದಲ್ಲಿ ಬೇರೆ ನೆಡುವುದು, ಕುರುವಾಯಿ ದುಂಬಿಯಿಂದ ಸುಳಿಯನ್ನು ಕಾಪಾಡುವುದು ಮುಂತಾದ ಖರ್ಚಿನಲ್ಲಿ ಸಸಿಗಳ ನಡುವೆ ಬೆಳೆದ ಅಂತರಬೆಳೆಯ ಆದಾಯವನ್ನು ಕಳೆದರೆ ವರ್ಷಕ್ಕೆ 10,000 ರೂಪಾಯಿ ಕೈಯಿಂದ ಹಾಕಬೇಕಾಗುತ್ತದೆ. ತಿಪಟೂರಿನ ಎತ್ತರದ ತಳಿಯು ಏಳನೆಯ ವರ್ಷದಲ್ಲಿ ಫಲಕ್ಕೆ ಬಂದಿತೆಂದು ಹಿಡಿದಿದೆ. ಏಳರಿಂದ ಒಂಬತ್ತನೆಯ ವರ್ಷದವರೆಗೆ ಮರಕ್ಕೆ 40ರಂತೆ 2,800 ಕಾಯಿ, ಕಾಯಿಗೆ 15 ರೂಪಾಯಿಯಂತೆ 42,000, ಖರ್ಚು 22,000, ಉಳಿಯುವುದು 20,000. ಹತ್ತನೆಯ ವರ್ಷದಿಂದ ಮರಕ್ಕೆ 80ರಂತೆ 5,600 ಕಾಯಿ; ಬೆಲೆ 84,000; ಕೀಳುವ ಕೂಲಿ, ಗೊಬ್ಬರ, ನೀರು, ಹನಿ ಕೊಳವೆಗಳನ್ನು ಬದಲಾಯಿಸುವುದಕ್ಕೆ ಎತ್ತಿಡುವ ಪಾಲು ಎಲ್ಲವೂ ಸೇರಿ 34,000; ಉಳಿಯುವುದು 50,000. ತೆಂಗಿನ ಮರವು ಅರವತ್ತು ವರ್ಷವೂ ಬದುಕುವುದಾದರೂ ಬಾವಿಯ ನೀರನ್ನು ಅಷ್ಟು ಕಾಲ ನಂಬುವಂತಿಲ್ಲವಾದುದರಿಂದ ಲೆಕ್ಕವನ್ನು 30 ವರ್ಷಕ್ಕೆ ನಿಲ್ಲಿಸಿದೆ.

ಮೊದಲು ಸಾಮಾನ್ಯ ರೀತಿಯಲ್ಲಿ ಕೂಡಿಸಿ ನೋಡೋಣ. ತೋಟದ ಖರ್ಚು ಆರಂಭದ 90,000 ಮತ್ತು ಆರು ವರ್ಷದ 60,000, ಒಟ್ಟು ಒಂದೂವರೆ ಲಕ್ಷ. ಆದಾಯವು ಮೂರು ವರ್ಷದ 60,000 ಮತ್ತು ಇಪ್ಪತ್ತೊಂದು ವರ್ಷದ ಹತ್ತೂವರೆ ಲಕ್ಷ. ಖರ್ಚನ್ನು ಕಳೆದರೆ ಉಳಿಯುವುದು 9,60,000 ರೂಪಾಯಿ. ಅದೇ ಮೂವತ್ತು ವರ್ಷ ರಾಗಿಯನ್ನೇ ಬೆಳೆದಿದ್ದರೆ ಬರುತ್ತಿದ್ದುದು 4,50,000. ಹೀಗೆ ತೋಟವು ಐದು ಲಕ್ಷದ ಹತ್ತು ಸಾವಿರ ರೂಪಾಯಿ ಮುಂದಿದೆಯೆಂದು ತೋರುತ್ತದೆ. ಇಷ್ಟು ದೊಡ್ಡ ಮೊತ್ತವನ್ನು ಕಂಡವರು ಮತ್ತೆ ಯೋಚಿಸುವುದಿಲ್ಲ.

ಅದೇ ಅಂಕಿಗಳು, ಇಂದಿನ ಬೆಲೆಯಲ್ಲಿ

ಈಗ ಪ್ರತಿ ವರ್ಷದ ಹಣಕ್ಕೂ ಇಂದಿನ ಬೆಲೆಯನ್ನು ಕಟ್ಟತಕ್ಕದ್ದು. ಒಂದೇ ಮೊತ್ತವು ಹಲವು ವರ್ಷ ಬರುವಲ್ಲಿ ಬೇರೆ ಬೇರೆಯಾಗಿ ಗುಣಿಸುವ ಶ್ರಮವಿಲ್ಲ. ಆಯಾ ವರ್ಷಗಳ ಒಂದು ರೂಪಾಯಿಯ ಇಂದಿನ ಬೆಲೆಗಳನ್ನು ಕೂಡಿಸಿಕೊಂಡು ಒಂದೇ ಸಾರಿ ಗುಣಿಸಬಹುದು. ನೂರಕ್ಕೆ 10ರ ದರದಲ್ಲಿ ಒಂದರಿಂದ ಆರನೆಯ ವರ್ಷದವರೆಗಿನ ಈ ಮೊತ್ತವು 4.355; ಏಳರಿಂದ ಒಂಬತ್ತಕ್ಕೆ 1.404, ಹತ್ತರಿಂದ ಮೂವತ್ತಕ್ಕೆ 3.668; ಮೂವತ್ತು ವರ್ಷಕ್ಕೂ ಸೇರಿ 9.427. ನೂರು ರೂಪಾಯಿಗೆ ಸರಿಮಾಡಿದರೆ ಲೆಕ್ಕವು ಹೀಗಾಗುತ್ತದೆ.

ಆರಂಭದ ಖರ್ಚು: ಕಳೆ 90,000
1ರಿಂದ 6ನೆಯ ವರ್ಷ, 10,000ದಂತೆ ಖರ್ಚು: ಕಳೆ 43,600
7ರಿಂದ 9ನೆಯ ವರ್ಷ, 20,000ದಂತೆ ಆದಾಯ: ಕೂಡು 28,100
10ರಿಂದ 30ನೆಯ ವರ್ಷ, 50,000ದಂತೆ ಆದಾಯ: ಕೂಡು 1,83,400
ತೋಟದ ವರ್ತಮಾನ ಬೆಲೆ: 77,900
ಬಿಟ್ಟುಕೊಟ್ಟ ರಾಗಿಯ ವರ್ತಮಾನ ಬೆಲೆ, 15,000ದಂತೆ 30 ವರ್ಷ: 1,41,400
ನಿವ್ವಳ: 63,500 ರೂಪಾಯಿ ನಷ್ಟ

ಇಪ್ಪತ್ತೊಂದು ವರ್ಷದ ಹತ್ತೂವರೆ ಲಕ್ಷವು ಇಂದಿನ ಬೆಲೆಯಲ್ಲಿ ಎರಡು ಲಕ್ಷವನ್ನೂ ಮುಟ್ಟಲಿಲ್ಲ. ಆರಂಭದ ಖರ್ಚಾದರೋ ಒಂದು ಪೈಸೆಯೂ ಕುಗ್ಗಲಿಲ್ಲ. ರಾಗಿಯ ಆದಾಯವು ಚಿಕ್ಕದಾದರೂ ಮುಂದಿನ ವರ್ಷದಿಂದಲೇ ಬರುವುದರಿಂದ ಅದಕ್ಕೆ ಬಲ ಹೆಚ್ಚು. ಹೀಗಾಗಿ ಐದು ಲಕ್ಷದ ಲಾಭವೆಂದು ತೋರಿದ್ದು ನಷ್ಟವಾಗಿ ತಿರುಗಿತು.

ಅದೇ ತೋಟಕ್ಕೆ ನೂರಕ್ಕೆ 6ರ ದರವನ್ನು ಹಿಡಿದರೆ ಮೇಲಿನ ಮೊತ್ತಗಳು ಕ್ರಮವಾಗಿ 4.917, 1.884, 6.963 ಮತ್ತು 13.765 ಆಗುತ್ತವೆ. ಆಗ ಆರು ವರ್ಷದ ಖರ್ಚು 49,200. ಮುಂದಿನ ಮೂರು ವರ್ಷದ ಆದಾಯ 37,700. ಪೂರ್ಣ ಫಲದ ಆದಾಯ 3,48,200. ಆರಂಭದ 90,000ವನ್ನೂ ಕಳೆದು ತೋಟದ ವರ್ತಮಾನ ಬೆಲೆ 2,46,700. ರಾಗಿಯದು 2,06,500. ನಿವ್ವಳ 40,200 ರೂಪಾಯಿ ಲಾಭ.

ಈ ಲಾಭದ ಅರ್ಥವನ್ನು ಸರಿಯಾಗಿ ತಿಳಿಯತಕ್ಕದ್ದು. ಹಾಕಿದ ಹಣಕ್ಕೆಲ್ಲ ನೂರಕ್ಕೆ 6ರ ಬಡ್ಡಿಯು ಸಂದು, ರಾಗಿಯ ಆದಾಯವು ತಪ್ಪಿದ್ದಕ್ಕೂ ಪರಿಹಾರ ದೊರೆತು, ಅದರ ಮೇಲೆ ಇಂದೇ 40,200 ರೂಪಾಯಿ ಕೈಗೆ ಬಂದುದಕ್ಕೆ ಈ ತೋಟವು ಸಮಾನವೆಂದು ಅರ್ಥ. ನಿವ್ವಳವು ಸೊನ್ನೆಗೆ ಬಂದರೆ ತೋಟವೂ ರಾಗಿಯೂ ಸರಿಸಮ. ಈ ತೋಟದಲ್ಲಿ ಆ ಸರಿಸಮದ ದರವು ನೂರಕ್ಕೆ 7ಕ್ಕಿಂತ ತುಸು ಹೆಚ್ಚಾಗಿದೆ. ಅದಕ್ಕಿಂತ ಕಡಿಮೆ ದರದಲ್ಲಿ ಹಣ ದೊರೆಯುವವನಿಗೆ ತೋಟ ಲೇಸು. ಹೆಚ್ಚು ದರ ತೆರುವವನಿಗೆ ರಾಗಿಯೇ ಲೇಸು. ಒಂದೇ ಊರಿನಲ್ಲಿ, ಒಂದೇ ಬಗೆಯ ಮಣ್ಣಿನಲ್ಲಿ, ಇಬ್ಬರು ಜಮೀನುದಾರರಿಗೆ ಎರಡು ಬೇರೆ ಉತ್ತರಗಳು ಸರಿಯಾಗಿರುವುದು ಹೀಗೆ.

ಯಾವ ದರವನ್ನು ಹಿಡಿಯತಕ್ಕದ್ದು

ಹಣವು ಎಲ್ಲಿಂದ ಬರುವುದೋ ಅಲ್ಲಿನ ದರವನ್ನು ಹಿಡಿಯಬೇಕು. ಸಾಲ ಮಾಡುವವನು ಸಾಲದ ಬಡ್ಡಿಯನ್ನೂ, ಸ್ವಂತ ಹಣ ಹೂಡುವವನು ಅದೇ ಹಣವನ್ನು ಬೇರೆ ಕಡೆ ಇಟ್ಟಿದ್ದರೆ ಬರಬಹುದಾಗಿದ್ದ ಉತ್ಪನ್ನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಸ್ವಂತ ಹಣಕ್ಕೆ ಬಡ್ಡಿಯಿಲ್ಲವೆಂಬ ಭಾವನೆಯು ತಪ್ಪು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೇಲಿನ ಲೆಕ್ಕದಲ್ಲಿ ಮೂವತ್ತನೆಯ ವರ್ಷದ ಕಾಯಿಗೂ ಇಂದಿನ ಧಾರಣೆಯಾದ 15 ರೂಪಾಯಿಯನ್ನೇ ಹಿಡಿದಿದೆ. ಕೂಲಿಯೂ ರಾಗಿಯ ಬೆಲೆಯೂ ಇಂದಿನವೇ. ಆದರೆ ವರ್ಷ ವರ್ಷಕ್ಕೂ ಬೆಲೆಗಳು ಏರುವುದು ಸ್ವಾಭಾವಿಕ. ಬ್ಯಾಂಕಿನವರು ಕೇಳುವ ಬಡ್ಡಿಯಲ್ಲಿ ಆ ಬೆಲೆಯೇರಿಕೆಯ ಪಾಲೂ ಸೇರಿರುತ್ತದೆ. ಆದುದರಿಂದ ಇಂದಿನ ಧಾರಣೆಯಲ್ಲಿ ಲೆಕ್ಕ ಮಾಡುವವನು ಬಡ್ಡಿಯಿಂದ ಬೆಲೆಯೇರಿಕೆಯನ್ನು ತೆಗೆದುಹಾಕಬೇಕು. ಬ್ಯಾಂಕಿನ ಬಡ್ಡಿಯು ನೂರಕ್ಕೆ 11 ಆಗಿದ್ದು ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುವುವೆಂದು ಭಾವಿಸಿದರೆ, 1.11ನ್ನು 1.05ರಿಂದ ಭಾಗಿಸಿದಾಗ 1.057 ಬರುತ್ತದೆ, ಎಂದರೆ ನಿಜವಾದ ದರವು ನೂರಕ್ಕೆ ಸುಮಾರು 6. ಅಂಥವನಿಗೆ ಈ ತೋಟವು ಲಾಭದಾಯಕ. ಖಾಸಗಿಯಾಗಿ ನೂರಕ್ಕೆ 15½ರಂತೆ ಸಾಲ ತಂದವನಿಗೆ ನಿಜವಾದ ದರವು 10 ಆಗುತ್ತದೆ; ಅವನಿಗೆ ತೋಟವು ನಷ್ಟ. ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ ಕೈಸಾಲ ಮಾಡಿದವನ ಬಡ್ಡಿಯು ವರ್ಷಕ್ಕೆ ನೂರಕ್ಕೆ 24. ಅವನು ಈ ತೋಟದ ಯೋಚನೆಯನ್ನೇ ಮಾಡತಕ್ಕದ್ದಲ್ಲ.

ಇಂದಿನ ಧಾರಣೆಯನ್ನೂ ಬ್ಯಾಂಕಿನ ಪೂರ್ಣ ಬಡ್ಡಿಯನ್ನೂ ಬೆರೆಸಿದರೆ ಒಳ್ಳೆಯ ತೋಟವೂ ನಷ್ಟವೆಂದು ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಕಾಯಿಯ ಬೆಲೆಯನ್ನು ವರ್ಷ ವರ್ಷಕ್ಕೂ ಏರಿಸುತ್ತ ಹೋಗಿ, ಕೂಲಿಯನ್ನು ಮಾತ್ರ ಇಂದಿನಷ್ಟೇ ಇಟ್ಟು, ಬೆಲೆಯೇರಿಕೆ ಕಳೆದ ಸಣ್ಣ ದರವನ್ನು ಹಿಡಿದರೆ ಕೆಟ್ಟ ತೋಟವೂ ಚಿನ್ನದ ಗಣಿಯಂತೆ ತೋರುತ್ತದೆ. ಮಾರಾಟಗಾರರು ತೋರಿಸುವ ಲಾಭದ ಪಟ್ಟಿಗಳಲ್ಲಿ ಈ ಎರಡನೆಯ ದೋಷವಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು

ತೋಟದ ಲೆಕ್ಕದಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಬಿಟ್ಟುಕೊಟ್ಟ ಬೆಳೆ. ಮೇಲಿನ ಲೆಕ್ಕದಲ್ಲಿ ರಾಗಿಯನ್ನು ಕಳೆಯದಿದ್ದರೆ ನೂರಕ್ಕೆ 10ರ ದರದಲ್ಲಿಯೂ 77,900 ರೂಪಾಯಿ ಲಾಭವೆಂದೇ ಕಾಣುತ್ತಿತ್ತು. ರಾಗಿಯ ಆದಾಯವು ಜೇಬಿನಿಂದ ಹೋದ ಹಣವಲ್ಲವಾದುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ತೋಟ ಮಾಡಿದ್ದರಿಂದಲೇ ಅದು ತಪ್ಪಿಹೋದದ್ದು. ಹೊಲವು ಬೀಳುಬಿದ್ದಿದ್ದರೆ ಕಳೆಯಬೇಕಾದದ್ದು ಏನೂ ಇಲ್ಲ. ಆಗ ಅದೇ ತೋಟವು ನೂರಕ್ಕೆ 10ರ ದರದಲ್ಲಿಯೂ ಲಾಭಕರ. ಮನೆಯವರ ದುಡಿಮೆಗೂ ಇದೇ ನ್ಯಾಯ. ಆ ದಿನಗಳಲ್ಲಿ ಅವರು ಬೇರೆಡೆ ಸಂಪಾದಿಸಬಹುದಾಗಿದ್ದ ಕೂಲಿಯನ್ನು ಖರ್ಚಿಗೆ ಸೇರಿಸತಕ್ಕದ್ದು.

ಸೇರಿಸಬಾರದ ಖರ್ಚೂ ಒಂದುಂಟು. ಕೊಳವೆ ಬಾವಿಗೆ ಹಿಂದೆ ಎರಡು ಲಕ್ಷ ಸುರಿದಿರಬಹುದು. ತೋಟ ಮಾಡಿದರೂ ಮಾಡದಿದ್ದರೂ ಆ ಹಣವು ಹಿಂದಕ್ಕೆ ಬರುವುದಿಲ್ಲ. ಆದುದರಿಂದ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಬಾವಿಗೆ ಅಷ್ಟು ಹಣ ಹಾಕಿದ ಮೇಲೆ ತೋಟ ಮಾಡದಿದ್ದರೆ ಹೇಗೆಂಬ ಮಾತು ಊರುಗಳಲ್ಲಿ ಕೇಳಿಬರುತ್ತದೆ. ಹೋದ ಹಣದ ಮರುಕದಿಂದ ಇನ್ನಷ್ಟು ಹಣ ಹಾಕುವುದಕ್ಕೆ ಈ ಮಾತು ಕಾರಣವಾಗುತ್ತದೆ. ಆದರೆ ಬಾವಿಯನ್ನು ಹೊಸದಾಗಿ ಕೊರೆಸಬೇಕಾಗಿದ್ದರೆ ಆ ಖರ್ಚನ್ನೂ, ನೀರು ಬೀಳದೆ ಹೋಗಬಹುದಾದ ಅಪಾಯವನ್ನೂ ತಪ್ಪದೆ ಎಣಿಸತಕ್ಕದ್ದು.

ಲೆಕ್ಕವು ಎಲ್ಲಿ ಮುರಿಯಬಹುದು

ನಿವ್ವಳ ಲಾಭವು ಬಂದ ಮಾತ್ರಕ್ಕೆ ಲೆಕ್ಕ ಮುಗಿಯಲಿಲ್ಲ. ಯಾವ ಅಂಕಿಯು ಎಷ್ಟು ತಪ್ಪಿದರೆ ಲಾಭವು ಅಳಿಯುವುದೆಂಬುದನ್ನು ನೋಡತಕ್ಕದ್ದು. ನೂರಕ್ಕೆ 6ರ ದರದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಾಯಿಗೆ 15 ರೂಪಾಯಿಯ ಬದಲು 14 ಬಂದರೆ ಏನಾಗುವುದು? ಪೂರ್ಣ ಫಲದ ವರ್ಷಗಳಲ್ಲಿ 5,600 ರೂಪಾಯಿಯೂ, ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ 2,800 ರೂಪಾಯಿಯೂ ವರ್ಷಕ್ಕೆ ಕಡಿಮೆಯಾಗುತ್ತವೆ. ಇಂದಿನ ಬೆಲೆಯಲ್ಲಿ ಇದು 44,300 ರೂಪಾಯಿ. ಇದ್ದ ಲಾಭ 40,200. ಎಂದರೆ ಕಾಯಿಗೆ ಒಂದೇ ರೂಪಾಯಿ ಕಡಿಮೆಯಾದುದರಿಂದ ಲಾಭವೆಲ್ಲ ಅಳಿದು 4,100 ರೂಪಾಯಿ ನಷ್ಟವಾಯಿತು. ತೆಂಗಿನ ಧಾರಣೆಯು ಒಂದೆರಡು ವರ್ಷಗಳಲ್ಲಿಯೇ ಇದರ ಎಷ್ಟೋ ಪಾಲು ಏರಿಳಿಯುವುದು ಎಲ್ಲರಿಗೂ ಗೊತ್ತು. ಆದುದರಿಂದ ಧಾರಣೆಯು ಏರಿದ ವರ್ಷದ ಬೆಲೆಯನ್ನು ಮೂವತ್ತು ವರ್ಷಕ್ಕೂ ಹಿಡಿಯುವುದು ಅಪಾಯಕರ. ಹಿಂದಿನ ಹತ್ತು ವರ್ಷಗಳಲ್ಲಿ ತಮಗೆ ನಿಜವಾಗಿ ದೊರೆತ ಬೆಲೆಗಳ ಸರಾಸರಿಯನ್ನು, ಹಳೆಯ ವರ್ಷಗಳ ಬೆಲೆಯನ್ನು ಇಂದಿನ ರೂಪಾಯಿಗೆ ಸರಿದೂಗಿಸಿಕೊಂಡು, ಹಿಡಿಯುವುದು ಕ್ಷೇಮ.

ಎರಡನೆಯದು ಫಲಕ್ಕೆ ಬರುವ ಕಾಲ. ಕಳಪೆ ಸಸಿಯಿಂದಲೋ ಬೇಸಗೆಯಲ್ಲಿ ನೀರು ತಪ್ಪಿದ್ದರಿಂದಲೋ ತೋಟವು ಏಳನೆಯ ವರ್ಷದ ಬದಲು ಎಂಟನೆಯ ವರ್ಷದಲ್ಲಿ ಫಲಕ್ಕೆ ಬಂದಿತೆನ್ನೋಣ. ಒಂದು ವರ್ಷದ ಖರ್ಚು ಹೆಚ್ಚುತ್ತದೆ. ಪೂರ್ಣ ಫಲದ ಒಂದು ವರ್ಷ ಕಡಿಮೆಯಾಗುತ್ತದೆ. ಉಳಿದ ಫಲವೂ ಒಂದೊಂದು ವರ್ಷ ಹಿಂದೆ ಬೀಳುತ್ತದೆ. ಆಗ ತೋಟದ ವರ್ತಮಾನ ಬೆಲೆಯು 2,46,700ರಿಂದ 2,10,000ಕ್ಕೆ ಇಳಿಯುತ್ತದೆ. ಲಾಭವು 40,200ರಿಂದ 3,500ಕ್ಕೆ ಕುಸಿಯುತ್ತದೆ. ಒಂದು ವರ್ಷದ ವಿಳಂಬಕ್ಕೆ ತೆತ್ತ ಬೆಲೆ 36,700 ರೂಪಾಯಿ.

ಈ ಅಂಕಿಯಿಂದ ಬಹಳ ಉಪಯುಕ್ತವಾದ ಒಂದು ತೀರ್ಮಾನವು ಹೊರಡುತ್ತದೆ. 36,700ನ್ನು 70 ಸಸಿಗಳಿಗೆ ಹಂಚಿದರೆ ಸಸಿಗೆ 524 ರೂಪಾಯಿ. ಎಂದರೆ ಒಳ್ಳೆಯ ಸಸಿಯಿಂದ ಫಲವು ಒಂದು ವರ್ಷ ಬೇಗ ಬರುವುದು ನಿಶ್ಚಯವಾಗಿದ್ದರೆ, ಸಸಿಯೊಂದಕ್ಕೆ 500 ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸಂತೆಯಲ್ಲಿ 50 ರೂಪಾಯಿ ಅಗ್ಗವಾಗಿ ಸಿಕ್ಕಿತೆಂದು ಮೂಲ ತಿಳಿಯದ ಸಸಿಗಳನ್ನು ತರುವವನು ಉಳಿಸುವುದು 3,500 ರೂಪಾಯಿ. ಕಳೆದುಕೊಳ್ಳಬಹುದಾದದ್ದು ಅದರ ಹತ್ತರಷ್ಟು. ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸಿನ, ಆರಕ್ಕೆ ಕಡಿಮೆಯಿಲ್ಲದ ಎಲೆಗಳುಳ್ಳ, ಬುಡದ ಸುತ್ತಳತೆ 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ, ಗರಿಗಳು ಬೇಗ ಸೀಳಿರುವ ಸಸಿಗಳನ್ನೇ ಆರಿಸಿಕೊಳ್ಳಬೇಕೆಂದು ತಜ್ಞರು ಹೇಳುವುದು ಈ ಕಾರಣದಿಂದ. ಸಸಿಯ ಬೆಲೆಯು ತೋಟದ ಖರ್ಚಿನಲ್ಲಿ ಅತ್ಯಲ್ಪ ಭಾಗ. ಅದರ ಗುಣವು ನಿವ್ವಳ ಬೆಲೆಯಲ್ಲಿ ಅತಿ ದೊಡ್ಡ ಭಾಗ.

ಮೂವತ್ತು ವರ್ಷದ ಆಚೆಯ ಫಲವನ್ನು ಬಿಟ್ಟದ್ದು ಸರಿಯೇ ಎಂದು ಕೇಳಬಹುದು. ಮುಂದಿನ ಮೂವತ್ತು ವರ್ಷವೂ ಇಳುವರಿ ಕುಗ್ಗದೆ, ನೀರು ಬತ್ತದೆ ನಡೆಯಿತೆಂದು ಭಾವಿಸಿದರೆ, ರಾಗಿಯನ್ನು ಕಳೆದು ಉಳಿಯುವ ವರ್ಷಕ್ಕೆ 35,000ದ ಇಂದಿನ ಬೆಲೆಯು ನೂರಕ್ಕೆ 6ರ ದರದಲ್ಲಿ ಸುಮಾರು 84,000 ರೂಪಾಯಿ. 10ರ ದರದಲ್ಲಿ ಸುಮಾರು 19,000 ಮಾತ್ರ. ಹೆಚ್ಚು ಬಡ್ಡಿ ತೆರುವವನ 63,500ರ ನಷ್ಟವನ್ನು ಇದು ತುಂಬಲಾರದು. ಕಡಿಮೆ ಬಡ್ಡಿಯವನಿಗೆ ಇದು ದೊಡ್ಡ ಮೊತ್ತವೇ. ಆದರೆ ನೀರಿನ ಭರವಸೆಯಿದ್ದವರು ಮಾತ್ರ ಇದನ್ನು ಸೇರಿಸಿಕೊಳ್ಳತಕ್ಕದ್ದು. ಅಂತರ್ಜಲವು ಆಳಕ್ಕಿಳಿಯುತ್ತಿರುವ ಊರುಗಳಲ್ಲಿ ಮೂವತ್ತು ವರ್ಷವೆಂಬುದೂ ಹೆಚ್ಚಾಗಬಹುದು.

ಈ ಲೆಕ್ಕವು ಹೇಳದ ಸಂಗತಿ

ನಿವ್ವಳ ವರ್ತಮಾನ ಬೆಲೆಯು ತೋಟವು ಲೇಸೇ ಅಲ್ಲವೇ ಎಂಬುದನ್ನು ಹೇಳುತ್ತದೆ. ಫಲ ಬರುವವರೆಗೆ ಸಂಸಾರವು ಹೇಗೆ ನಡೆಯಬೇಕೆಂಬುದನ್ನು ಹೇಳುವುದಿಲ್ಲ. ನೂರಕ್ಕೆ 6ರ ದರದಲ್ಲಿ ತೋಟವು ಲಾಭಕರವೆಂದು ಕಂಡರೂ, ಆರಂಭದ 90,000ವೂ ವರ್ಷ ವರ್ಷದ 10,000ವೂ ಬಡ್ಡಿಯೊಡನೆ ಬೆಳೆದು ಆರನೆಯ ವರ್ಷದ ಕೊನೆಯಲ್ಲಿ, ಇಂದಿನ ರೂಪಾಯಿಯ ಲೆಕ್ಕದಲ್ಲಿಯೇ, ಸುಮಾರು 1,97,000 ರೂಪಾಯಿಯಾಗಿರುತ್ತದೆ. ಆ ಆರು ವರ್ಷ ರಾಗಿಯ ಆದಾಯವೂ ಇಲ್ಲ. ಬ್ಯಾಂಕಿನವರು ಎರಡನೆಯ ವರ್ಷದಿಂದಲೇ ಕಂತನ್ನು ಕೇಳಿದರೆ ಅದನ್ನು ತೀರಿಸಲು ಕೈಸಾಲ ಮಾಡಬೇಕಾಗುತ್ತದೆ. ಕೈಸಾಲದ ದರದಲ್ಲಿ ತೋಟವು ನಷ್ಟವೆಂದು ಮೇಲೆಯೇ ಕಂಡಿದೆ. ಹೀಗೆ ಕಂತಿನ ಕಾಲವು ಫಲದ ಕಾಲಕ್ಕೆ ಹೊಂದದಿದ್ದರೆ ಒಳ್ಳೆಯ ತೋಟವೇ ಒಡೆಯನನ್ನು ಮುಳುಗಿಸಬಹುದು. ಸಾಲದ ಕಾಗದಕ್ಕೆ ರುಜು ಹಾಕುವ ಮುಂಚೆ ಅಸಲಿನ ಮೊದಲನೆಯ ಕಂತು ಯಾವ ವರ್ಷದಲ್ಲಿ ಬೀಳುವುದೆಂದು ಕೇಳಿ ತಿಳಿದುಕೊಳ್ಳಬೇಕು. ಇರುವ ಜಮೀನನ್ನೆಲ್ಲ ಒಮ್ಮೆಗೇ ತೋಟ ಮಾಡದೆ, ಒಂದು ಭಾಗದಲ್ಲಿ ರಾಗಿಯನ್ನು ಉಳಿಸಿಕೊಂಡು, ಭಾಗಭಾಗವಾಗಿ ನೆಡುವುದು ಇದಕ್ಕೆ ಹಳಬರು ಕಂಡುಕೊಂಡ ಉಪಾಯ.

ಲೆಕ್ಕವನ್ನು ಹಾಕುವ ಸುಲಭ ವಿಧಾನ

ಒಂದು ಹಾಳೆಯಲ್ಲಿ ವರ್ಷಗಳನ್ನು ಸಾಲಾಗಿ ಬರೆದು, ಪ್ರತಿ ವರ್ಷದ ಎದುರಿಗೆ ತೋಟದಿಂದ ಬರುವುದರಲ್ಲಿ ತೋಟಕ್ಕೆ ಹೋಗುವುದನ್ನೂ ಬಿಟ್ಟುಕೊಟ್ಟ ಬೆಳೆಯ ಆದಾಯವನ್ನೂ ಕಳೆದು ಬರೆಯತಕ್ಕದ್ದು. ಆಮೇಲೆ ಕೊನೆಯ ವರ್ಷದಿಂದ ಆರಂಭಿಸುವುದು ಅನುಕೂಲ. ಮೂವತ್ತನೆಯ ವರ್ಷದ ಮೊತ್ತವನ್ನು 1.06ರಿಂದ ಭಾಗಿಸಿ, ಅದಕ್ಕೆ ಇಪ್ಪತ್ತೊಂಬತ್ತನೆಯ ವರ್ಷದ್ದನ್ನು ಕೂಡಿಸಿ, ಪುನಃ 1.06ರಿಂದ ಭಾಗಿಸುತ್ತ ಆರಂಭದವರೆಗೆ ಬಂದರೆ ಕೋಷ್ಟಕವೇ ಬೇಕಾಗುವುದಿಲ್ಲ. ಕೈಯಲ್ಲಿರುವ ಫೋನಿನಲ್ಲಿಯೇ ಲೆಕ್ಕವು ಮುಗಿಯುತ್ತದೆ. ಮನೆಯ ಹುಡುಗರು ಗಣಕಯಂತ್ರದಲ್ಲಿ ಮಾಡಿಕೊಡುವುದಾದರೆ, ಆರಂಭದ ಖರ್ಚನ್ನು ಋಣ ಚಿಹ್ನೆಯೊಡನೆ B1 ಎಂಬ ಮನೆಯಲ್ಲಿಯೂ ಒಂದರಿಂದ ಮೂವತ್ತನೆಯ ವರ್ಷದ ಮೊತ್ತಗಳನ್ನು B2ರಿಂದ B31ರವರೆಗೂ ಬರೆದು, ಈ ಸೂತ್ರವನ್ನು ಹಾಕತಕ್ಕದ್ದು.

```
=NPV(0.06, B2:B31) + B1
```

B1ನ್ನು ಆವರಣದ ಹೊರಗೆ ಇಟ್ಟಿರುವುದಕ್ಕೆ ಕಾರಣವಿದೆ. ಯಂತ್ರವು ಆವರಣದೊಳಗಿನ ಮೊದಲನೆಯ ಮೊತ್ತವು ಒಂದು ವರ್ಷದ ಮೇಲೆ ಬರುವುದೆಂದೇ ಎಣಿಸುತ್ತದೆ. ಆರಂಭದ ಖರ್ಚನ್ನೂ ಒಳಗೆ ಸೇರಿಸಿದರೆ ಎಲ್ಲವೂ ಒಂದು ವರ್ಷ ಹಿಂದೆ ಬಿದ್ದು ಉತ್ತರವು ತಪ್ಪಾಗುತ್ತದೆ.

ಹೀಗೆ ಹಾಕಿದ ಲೆಕ್ಕವನ್ನು ಮೂರು ಸಾರಿ ಮಾಡಿ ನೋಡುವುದು ಉಚಿತ: ತಮಗೆ ಸಂಭಾವ್ಯವೆಂದು ತೋರಿದ ಅಂಕಿಗಳಿಂದ ಒಂದು ಸಾರಿ, ಧಾರಣೆಯನ್ನು ಐದರಲ್ಲಿ ಒಂದು ಪಾಲು ಇಳಿಸಿ ಒಂದು ಸಾರಿ, ಫಲವನ್ನು ಒಂದು ವರ್ಷ ತಡಮಾಡಿ ಒಂದು ಸಾರಿ. ಮೂರರಲ್ಲಿಯೂ ನಿವ್ವಳವು ಲಾಭವಾಗಿಯೇ ನಿಂತರೆ ಗುಣಿ ತೋಡಿಸಬಹುದು. ಮೊದಲನೆಯದರಲ್ಲಿ ಮಾತ್ರ ಲಾಭವಿದ್ದರೆ ಅಗ್ಗದ ಸಾಲ, ಉತ್ತಮ ಸಸಿ, ಹೆಚ್ಚಿನ ಅಂತರಬೆಳೆ ಇವುಗಳಲ್ಲಿ ಯಾವುದರಿಂದ ಕೊರತೆಯನ್ನು ತುಂಬಬಹುದೆಂದು ಮೊದಲು ವಿಚಾರ ಮಾಡಿ, ಅದು ಕೈಗೂಡುವವರೆಗೆ ಹೊಲದಲ್ಲಿ ರಾಗಿಯನ್ನೇ ಬಿತ್ತುವುದು ವಿಹಿತ.